ಮೊದಲು ಅಡ್ಡಗೆರೆ, ಆಮೇಲೆ ಕೋನ

12 ಮೀಟರ್ ಎತ್ತರದ ಒಂದು ಕಟ್ಟಡವಿದೆ. ಅದರ ಮೇಲ್ತುದಿಯಿಂದ ನೋಡಿದಾಗ ಎದುರಿನ ಮೊಬೈಲ್ ಟವರಿನ ತುದಿಯ ಉನ್ನತ ಕೋನ 60°, ಅದೇ ಟವರಿನ ಬುಡದ ಅವನತ ಕೋನ 30°. ಕಟ್ಟಡ ಮತ್ತು ಟವರ್ ಎರಡೂ ಒಂದೇ ಸಮತಟ್ಟಾದ ನೆಲದ ಮೇಲಿವೆ. ಹಾಗಾದರೆ ಟವರಿನ ಎತ್ತರವೆಷ್ಟು? ಕಟ್ಟಡದಿಂದ ಅದು ಎಷ್ಟು ದೂರದಲ್ಲಿದೆ?

ಎಸ್‌ಎಸ್‌ಎಲ್‌ಸಿ ಗಣಿತದ 80 ಅಂಕಗಳ ಪತ್ರಿಕೆಗೆ ಓದುವ ಮಕ್ಕಳು ಇಂಥ ಲೆಕ್ಕಗಳನ್ನು ಎಷ್ಟೋ ಬಾರಿ ಬಿಡಿಸಿರುತ್ತಾರೆ. ಈ ಲೆಕ್ಕದ ಸರಿಯುತ್ತರ 48 ಮೀಟರ್. ಆದರೆ ಇದನ್ನು ಬಿಡಿಸಲು ಕೊಟ್ಟರೆ ಕೆಲವರಿಗೆ 36 ಬರುತ್ತದೆ, ಕೆಲವರಿಗೆ 24 ಬರುತ್ತದೆ. ಇವು ಹೇಗೋ ಬಂದುಬಿಟ್ಟ ಸಂಖ್ಯೆಗಳಲ್ಲ. 36 ಬಂದಿದ್ದರೆ ವಿದ್ಯಾರ್ಥಿ ಎಲ್ಲಿ ನಿಂತುಬಿಟ್ಟ ಎಂದು ಖಚಿತವಾಗಿ ಹೇಳಬಹುದು. 24 ಬಂದಿದ್ದರೆ ಎಲ್ಲಿ ದಾರಿ ತಪ್ಪಿದ ಎಂದೂ ಹೇಳಬಹುದು. ಎರಡರಲ್ಲೂ ಕೂಡುವುದು, ಗುಣಿಸುವುದು ಸರಿಯಾಗಿಯೇ ಇರುತ್ತದೆ. ತಪ್ಪು ಇರುವುದು ಚಿತ್ರ ಬರೆಯುವುದರಲ್ಲಿ ಅಥವಾ ಅದನ್ನು ಓದುವುದರಲ್ಲಿ.

ಚಿತ್ರ ಬರೆಯುವ ಕ್ರಮ

ಹೆಚ್ಚಿನ ಮಕ್ಕಳು ಮೊದಲು ಕಟ್ಟಡ ಬರೆಯುತ್ತಾರೆ, ಆಮೇಲೆ ಟವರ್, ಆಮೇಲೆ ಓರೆಗೆರೆಗಳು, ಕೊನೆಗೆ ಎಲ್ಲಿ ಜಾಗ ಕಂಡಿತೋ ಅಲ್ಲಿ ಕೋನದ ಅಳತೆ. ಈ ಕ್ರಮದಲ್ಲಿ ಒಂದು ಗೆರೆ ಬಿಟ್ಟುಹೋಗುತ್ತದೆ. ಅದು ನೋಡುವವನ ಕಣ್ಣಿನ ಮಟ್ಟದಲ್ಲಿ ನೆಲಕ್ಕೆ ಸಮಾಂತರವಾಗಿ ಎಳೆಯಬೇಕಾದ ಅಡ್ಡಗೆರೆ.

ಉನ್ನತ ಕೋನ, ಅವನತ ಕೋನ ಎರಡನ್ನೂ ಅಳೆಯುವುದು ಈ ಗೆರೆಯಿಂದಲೇ. ಕಣ್ಣು ನೇರವಾಗಿ ಮುಂದಕ್ಕೆ ನೋಡುತ್ತಿದೆ ಎಂದುಕೊಳ್ಳಿ. ಆ ನೇರ ನೋಟದಿಂದ ಎಷ್ಟು ಡಿಗ್ರಿ ಮೇಲಕ್ಕೆ ಎತ್ತಿದರೆ ತುದಿ ಕಾಣುತ್ತದೋ ಅದು ಉನ್ನತ ಕೋನ. ಎಷ್ಟು ಡಿಗ್ರಿ ಕೆಳಕ್ಕೆ ಇಳಿಸಿದರೆ ಬುಡ ಕಾಣುತ್ತದೋ ಅದು ಅವನತ ಕೋನ. ಕಣ್ಣಿನಿಂದ ವಸ್ತುವಿಗೆ ಎಳೆದ ಓರೆಗೆರೆ ದೃಷ್ಟಿರೇಖೆ. ಕೋನ ಇರುವುದು ಅಡ್ಡಗೆರೆಗೂ ದೃಷ್ಟಿರೇಖೆಗೂ ನಡುವೆ. ಕಟ್ಟಡದ ಗೋಡೆಗೂ ದೃಷ್ಟಿರೇಖೆಗೂ ನಡುವಿನದು ಬೇರೆಯೇ ಕೋನ.

ಆದ್ದರಿಂದ ಕಟ್ಟಡ AB ಬರೆದ ತಕ್ಷಣ ಅದರ ತುದಿ A ಯಿಂದ ಅಡ್ಡಗೆರೆ ಎಳೆಯಬೇಕು. ಆಮೇಲೆ ಟವರ್ CD ಬರೆದರೆ ಆ ಗೆರೆ ಟವರನ್ನು E ಎಂಬಲ್ಲಿ ಮುಟ್ಟುತ್ತದೆ. ಆಮೇಲೆ ಎರಡು ದೃಷ್ಟಿರೇಖೆಗಳು. ಕೊನೆಗೆ ಅಡ್ಡಗೆರೆಯ ಮೇಲೆ 60°, ಕೆಳಗೆ 30°.

```
                 D
                /|
              /  |
            /    |
          /      |
        / 60°    |
      A----------E
      | \  30°   |
  12  |    \     |  12
      |       \  |
      B----------C
```

ಚಿತ್ರ ಹೀಗೆ ಬಂದ ಮೇಲೆ ಎರಡು ಸಂಗತಿಗಳು ಕೇಳದೆಯೇ ಕಾಣುತ್ತವೆ. ABCE ಒಂದು ಆಯತ. ಆದ್ದರಿಂದ ಟವರಿನ ಕೆಳಭಾಗ EC ಕೂಡ 12 ಮೀಟರ್, ಮತ್ತು AE ಎಷ್ಟೋ BC ಅಷ್ಟೇ. ಟವರು E ಬಳಿ ಎರಡು ತುಂಡಾಗಿದೆ. ಕೆಳತುಂಡು ಗೊತ್ತಿದೆ, ಮೇಲ್ತುಂಡು ಗೊತ್ತಿಲ್ಲ. ಲೆಕ್ಕದಲ್ಲಿ ಉಳಿದಿರುವುದು DE ಕಂಡುಹಿಡಿಯುವುದೊಂದೇ. ಅದಕ್ಕೆ ಬೇಕಾದ AE ಯನ್ನು ಕೆಳಗಿನ ತ್ರಿಭುಜ ಕೊಡುತ್ತದೆ.

ಹಂತ ಹಂತವಾಗಿ ಅಂಕ

ಇದು 4 ಅಂಕದ ಪ್ರಶ್ನೆ ಎಂದುಕೊಳ್ಳೋಣ. ಮೌಲ್ಯಮಾಪನಕ್ಕೆ ಕೂರುವ ಶಿಕ್ಷಕರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ, ಅದರಲ್ಲಿ ಪ್ರತಿ ಹಂತದ ಎದುರಿಗೆ ಅಂಕ ನಮೂದಾಗಿರುತ್ತದೆ. ಹಂಚಿಕೆ ಪ್ರಶ್ನೆಯಿಂದ ಪ್ರಶ್ನೆಗೆ ಸ್ವಲ್ಪ ಬದಲಾಗುತ್ತದೆ. ಈ ಲೆಕ್ಕಕ್ಕೆ ಅದು ಸುಮಾರಾಗಿ ಹೀಗಿರಬಹುದು.

ಚಿತ್ರ, ಅದರಲ್ಲಿ ಬಿಂದುಗಳ ಹೆಸರು, 12 ಮೀಟರ್, 60°, 30° ಎಲ್ಲವೂ ಸರಿಯಾದ ಜಾಗದಲ್ಲಿದ್ದರೆ — 1 ಅಂಕ.

ಲಂಬಕೋನ ತ್ರಿಭುಜ AEC ಯಲ್ಲಿ:

tan 30° = EC / AE
1/√3 = 12 / AE
AE = 12√3 ಮೀ — 1 ಅಂಕ.

ಲಂಬಕೋನ ತ್ರಿಭುಜ AED ಯಲ್ಲಿ:

tan 60° = DE / AE
√3 = DE / 12√3
DE = 12√3 × √3 = 36 ಮೀ — 1 ಅಂಕ.

ಟವರಿನ ಎತ್ತರ:

CD = DE + EC = 36 + 12 = 48 ಮೀ — ಅರ್ಧ ಅಂಕ.

ಟವರಿನ ಎತ್ತರ 48 ಮೀಟರ್, ಕಟ್ಟಡದಿಂದ ಅದರ ದೂರ 12√3 ಮೀಟರ್ ಎಂಬ ಉತ್ತರವಾಕ್ಯ, ಮೂಲಮಾನದೊಂದಿಗೆ — ಅರ್ಧ ಅಂಕ.

ಪ್ರತಿ ಹಂತದಲ್ಲೂ ವಿದ್ಯಾರ್ಥಿ ಒಂದು ತೀರ್ಮಾನ ತೆಗೆದುಕೊಂಡಿದ್ದಾನೆ. ಯಾವ ತ್ರಿಭುಜ, ಯಾವ ಅನುಪಾತ, ಅದರ ಬೆಲೆ ಎಷ್ಟು, ಬಂದದ್ದನ್ನು ಏನು ಮಾಡಬೇಕು. ಅಂಕ ಸಿಗುವುದು ಈ ತೀರ್ಮಾನಗಳಿಗೆ. «ಲಂಬಕೋನ ತ್ರಿಭುಜ AEC ಯಲ್ಲಿ» ಎಂಬ ಮಾತು ಬರೆಯದೆ ನೇರವಾಗಿ 1/√3 = 12/x ಎಂದು ಶುರುಮಾಡಿದರೆ x ಯಾವ ಬಾಹು ಎಂಬುದನ್ನು ಓದುವವರು ಊಹಿಸಬೇಕಾಗುತ್ತದೆ. ಚಿತ್ರದಲ್ಲಿ x ಗುರುತಿಸಿದ್ದರೆ ಊಹೆ ಬೇಡ. ಗುರುತಿಸಿಲ್ಲದಿದ್ದರೆ, ಮುಂದೆ ಎಲ್ಲಾದರೂ ಎಡವಿದಾಗ, ಅಲ್ಲಿಯವರೆಗೆ ಸರಿಯಾಗಿತ್ತು ಎಂದು ತೋರಿಸಲು ಹಾಳೆಯ ಮೇಲೆ ಆಧಾರವೇ ಇರುವುದಿಲ್ಲ.

ಇಲ್ಲಿ ಟ್ಯಾನ್ ಅನುಪಾತವೇ ಏಕೆ ಎಂಬುದಕ್ಕೂ ಚಿತ್ರದಲ್ಲೇ ಉತ್ತರವಿದೆ. ಗೊತ್ತಿರುವುದು ಕೋನದ ಎದುರಿನ ಬಾಹು, ಬೇಕಾದದ್ದು ಪಕ್ಕದ ಬಾಹು. ವಿಕರ್ಣವಾದ ದೃಷ್ಟಿರೇಖೆಯ ಉದ್ದವನ್ನು ಯಾರೂ ಕೊಟ್ಟಿಲ್ಲ, ಯಾರೂ ಕೇಳಿಲ್ಲ. ಅಭಿಮುಖ ಮತ್ತು ಪಾರ್ಶ್ವ ಬಾಹುಗಳನ್ನಷ್ಟೇ ಜೋಡಿಸುವ ಅನುಪಾತ ಟ್ಯಾನ್. ಲೆಕ್ಕದಲ್ಲಿ ಗಾಳಿಪಟದ ದಾರದ ಉದ್ದವನ್ನೋ ಗೋಡೆಗೆ ಒರಗಿಸಿದ ಏಣಿಯ ಉದ್ದವನ್ನೋ ಕೊಟ್ಟಿದ್ದರೆ ವಿಕರ್ಣ ಒಳಗೆ ಬರುತ್ತದೆ. ಆಗ ಸೈನ್ ಅಥವಾ ಕೊಸೈನ್ ಬೇಕು. ಬಾಯಿಪಾಠದ ಸೂತ್ರದಿಂದ ಅನುಪಾತ ಆರಿಸುವ ಬದಲು, ಚಿತ್ರದಲ್ಲಿ ಗೊತ್ತಿರುವ ಬಾಹುವಿಗೆ ಒಂದು ಗುರುತು, ಬೇಕಾದ ಬಾಹುವಿಗೆ ಇನ್ನೊಂದು ಗುರುತು ಹಾಕಿ ನೋಡಿದರೆ ಯಾವ ಅನುಪಾತ ಎಂಬ ಪ್ರಶ್ನೆ ಉಳಿಯುವುದಿಲ್ಲ.

36 ಮತ್ತು 24 ಎಲ್ಲಿಂದ ಬಂದವು

36 ಬರೆದವರು DE ಸಿಕ್ಕ ಕೂಡಲೇ ನಿಂತಿದ್ದಾರೆ. ಅದು ಟವರಿನ ಮೇಲ್ತುಂಡು ಮಾತ್ರ. ಅವರ ಚಿತ್ರ ಸರಿಯಿದೆ, ಎರಡೂ ತ್ರಿಭುಜಗಳು ಸರಿಯಿವೆ, ಹಾಗಾಗಿ ಹೆಚ್ಚಿನ ಅಂಕ ಉಳಿಯುತ್ತದೆ. ಕೊನೆಯ ಕೂಡುವ ಹಂತ ಮತ್ತು ಉತ್ತರವಾಕ್ಯದ ಅಂಕ ಕೈತಪ್ಪುತ್ತದೆ.

24 ಬರೆದವರ ಕಥೆ ಬೇರೆ. ಅವರು 30° ಯನ್ನು ಕಟ್ಟಡದ ಗೋಡೆ AB ಗೂ ದೃಷ್ಟಿರೇಖೆ AC ಗೂ ನಡುವೆ ಬರೆದಿದ್ದಾರೆ. ಅಡ್ಡಗೆರೆ ಎಳೆಯದೇ ಇದ್ದಾಗ ಹೀಗಾಗುತ್ತದೆ, ಏಕೆಂದರೆ A ಬಳಿ ಕೆಳಗಡೆ ಕಾಣುವ ಕೋನ ಅದೊಂದೇ. ಆಮೇಲಿನ ಕೆಲಸವನ್ನು ಅವರು ಶ್ರದ್ಧೆಯಿಂದಲೇ ಮಾಡುತ್ತಾರೆ. tan 30° = BC/12, ಆದ್ದರಿಂದ BC = 12/√3 = 4√3. ಮೇಲಿನ ತ್ರಿಭುಜದಲ್ಲಿ DE = 4√3 × √3 = 12. ಕೂಡಿದರೆ 24. ಸಂಖ್ಯೆಗಳು ಅಂದವಾಗಿ ಹೊಂದಿಕೊಂಡು ಬರುವುದರಿಂದ ಅನುಮಾನವೂ ಬರುವುದಿಲ್ಲ. ಆದರೆ ಚಿತ್ರ ತಪ್ಪಿದ್ದರಿಂದ ಮುಂದಿನ ಪ್ರತಿ ಬೆಲೆಯೂ ಮಾದರಿ ಉತ್ತರದಿಂದ ದೂರ ಸರಿದಿದೆ.

ಈ ತಪ್ಪನ್ನು ಪರೀಕ್ಷಾ ಕೊಠಡಿಯಲ್ಲೇ ಹಿಡಿಯಬಹುದು. ಅದಕ್ಕೆ tan 45° = 1 ಎಂಬುದೊಂದು ಗೊತ್ತಿದ್ದರೆ ಸಾಕು. ಕೋನ 45° ಇದ್ದರೆ ಎತ್ತರ ಮತ್ತು ದೂರ ಸಮ. ಕೋನ ಅದಕ್ಕಿಂತ ಕಡಿಮೆಯಿದ್ದರೆ ದೂರವೇ ಹೆಚ್ಚು. ಕೋನ ಅದಕ್ಕಿಂತ ದೊಡ್ಡದಾಗಿದ್ದರೆ ಎತ್ತರವೇ ಹೆಚ್ಚು. ನಮ್ಮ ಲೆಕ್ಕದಲ್ಲಿ ಅವನತ ಕೋನ 30°, ಅಂದರೆ ಟವರು 12 ಮೀಟರಿಗಿಂತ ದೂರದಲ್ಲೇ ಇರಬೇಕು. 4√3 ಎಂದರೆ ಸುಮಾರು 6.9 ಮೀಟರ್. ಅದು ಸಾಧ್ಯವಿಲ್ಲ. 12√3 ಎಂದರೆ ಸುಮಾರು 20.8 ಮೀಟರ್. ಅದು ಸರಿಹೊಂದುತ್ತದೆ. ಅಲ್ಲಿಂದ ತುದಿಯ ಕೋನ 60° ಇರುವುದರಿಂದ ಮೇಲ್ತುಂಡು 20.8 ಕ್ಕಿಂತ ಹೆಚ್ಚಿರಬೇಕು. 36 ಅದಕ್ಕೂ ಒಪ್ಪುತ್ತದೆ. ಎರಡು ಸಾಲಿನ ಈ ಪರೀಕ್ಷೆಯನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಮಾಡಿಕೊಂಡರೆ ಕೋನ ತಪ್ಪು ಜಾಗದಲ್ಲಿ ಕುಳಿತಿದೆಯೇ ಎಂಬುದು ತಿಳಿಯುತ್ತದೆ.

ಪಠ್ಯಪುಸ್ತಕದ ಕೆಲವು ಚಿತ್ರಗಳಲ್ಲಿ ಅವನತ ಕೋನವನ್ನು ನೆಲದ ಮೇಲೆ C ಬಳಿ ಬರೆದಿರುವುದನ್ನು ನೋಡಿ ಮಕ್ಕಳು ಗೊಂದಲಗೊಳ್ಳುತ್ತಾರೆ. ಅದೂ ಸರಿಯೇ. AE ಮತ್ತು BC ಸಮಾಂತರವಾಗಿರುವುದರಿಂದ, ಅವುಗಳನ್ನು AC ಕತ್ತರಿಸಿದಾಗ ಉಂಟಾಗುವ ಪರ್ಯಾಯ ಕೋನಗಳು ಸಮ. ಹಾಗಾಗಿ ∠ACB ಕೂಡ 30°. ತ್ರಿಭುಜ ABC ಬಳಸಿಯೂ ಲೆಕ್ಕ ಬಿಡಿಸಬಹುದು. ಆದರೆ ಕೋನವನ್ನು ಕೆಳಗೆ ತಂದದ್ದು ಪರ್ಯಾಯ ಕೋನ ಎಂಬ ಕಾರಣದಿಂದ ಎಂದು ಒಂದು ಮಾತು ಬರೆಯಬೇಕು.

ಬುಡಕ್ಕೆ ಹೋಗಲಾಗದಿದ್ದಾಗ

ಟವರಿನ ಬುಡ ಕಣ್ಣಿಗೆ ಕಾಣುತ್ತದೆ. ಬೆಟ್ಟದ ಶಿಖರದ ಬುಡ ಹಾಗಲ್ಲ, ಅದು ಬೆಟ್ಟದ ಹೊಟ್ಟೆಯೊಳಗೆ ಶಿಖರದ ನೇರ ಕೆಳಗಿದೆ. ಅಲ್ಲಿಗೆ ಅಳತೆಪಟ್ಟಿ ಹಿಡಿದು ಹೋಗಲಾಗದು. ಆಗ ಎರಡು ಜಾಗಗಳಿಂದ ನೋಡಬೇಕು. ಬಯಲಿನ ಒಂದು ಬಿಂದುವಿನಿಂದ ಶಿಖರದ ಉನ್ನತ ಕೋನ 30°, ಬೆಟ್ಟದ ಕಡೆಗೆ ನೇರವಾಗಿ 100 ಮೀಟರ್ ನಡೆದ ಮೇಲೆ 45° ಎಂದುಕೊಳ್ಳಿ.

ಎತ್ತರ h ಇರಲಿ. ಹತ್ತಿರದ ಬಿಂದುವಿನಲ್ಲಿ ಕೋನ 45°, ಆದ್ದರಿಂದ ಶಿಖರದ ಬುಡಕ್ಕೆ ದೂರವೂ h. ದೂರದ ಬಿಂದುವಿನಲ್ಲಿ tan 30° = h/ದೂರ, ಆದ್ದರಿಂದ ದೂರ √3 h. ಈ ಎರಡು ದೂರಗಳ ವ್ಯತ್ಯಾಸವೇ ನಾವು ನಡೆದ 100 ಮೀಟರ್.

√3 h − h = 100
h = 100 / (√3 − 1)
h = 50(√3 + 1)

ಇದರ ಬೆಲೆ ಸುಮಾರು 136.6 ಮೀಟರ್. ಚಿತ್ರಕ್ಕೆ 1, ಎರಡು ಬಿಂದುಗಳ ಸಮೀಕರಣಗಳಿಗೆ ಒಂದೊಂದು, ಬಿಡಿಸಿ ಉತ್ತರ ತಂದದ್ದಕ್ಕೆ 1 ಎಂದು ಇಲ್ಲಿ 4 ಅಂಕ ಹಂಚಬಹುದು.

ಕೊನೆಯ ಹೆಜ್ಜೆಯಲ್ಲಿ ಮಾಡಿದ್ದು ಛೇದದ ಅಕರಣೀಕರಣ. ಅಂಶ ಮತ್ತು ಛೇದ ಎರಡನ್ನೂ √3 + 1 ರಿಂದ ಗುಣಿಸಿದರೆ ಛೇದ 3 − 1 = 2 ಆಗುತ್ತದೆ. ಉತ್ತರ ಚೆನ್ನಾಗಿ ಕಾಣಲೆಂದು ಮಾತ್ರ ಹೀಗೆ ಮಾಡುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಆದರೆ ಅದಕ್ಕೆ ಗಟ್ಟಿ ಕಾರಣವಿದೆ. √3 ಬದಲು 1.7 ಎಂದು ಒರಟಾಗಿ ಇಟ್ಟು ನೋಡಿ. ಅಕರಣೀಕರಿಸದ ರೂಪದಲ್ಲಿ 100/0.7, ಅಂದರೆ ಸುಮಾರು 142.9 ಮೀಟರ್ ಬರುತ್ತದೆ. ನಿಜವಾದ ಬೆಲೆಗಿಂತ ಇದು 6 ಮೀಟರಿಗೂ ಹೆಚ್ಚು. ಅಕರಣೀಕರಿಸಿದ ರೂಪದಲ್ಲಿ 50 × 2.7 = 135 ಬರುತ್ತದೆ. ವ್ಯತ್ಯಾಸ 2 ಮೀಟರಿಗೂ ಕಡಿಮೆ. ಒಂದಕ್ಕೊಂದು ಹತ್ತಿರವಿರುವ ಎರಡು ಸಂಖ್ಯೆಗಳನ್ನು ಕಳೆದು ಬಂದ ಚಿಕ್ಕ ಸಂಖ್ಯೆಯಿಂದ ಭಾಗಿಸಿದಾಗ ಅಂದಾಜಿನ ಸಣ್ಣ ದೋಷ ದೊಡ್ಡದಾಗುತ್ತದೆ. ಆದ್ದರಿಂದ ಕೊನೆಯ ಸಾಲಿನವರೆಗೂ √3 ಯನ್ನು √3 ಆಗಿಯೇ ಉಳಿಸಿಕೊಳ್ಳಬೇಕು. ದಶಮಾಂಶ ರೂಪ ಕೇಳಿದ್ದರೆ ಮಾತ್ರ 1.732 ಇಡಬೇಕು.

ನಡೆದು ಅಳೆದದ್ದು ಒಂದು ಗೆರೆ, ಉಳಿದದ್ದೆಲ್ಲ ಕೋನ. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ನಡೆದದ್ದೂ ಇದೇ ತತ್ವದ ಮೇಲೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಬಹಳ ಎಚ್ಚರಿಕೆಯಿಂದ ಅಳೆಸಿದರು. ಅಲ್ಲಿಂದ ಮುಂದಕ್ಕೆ ತ್ರಿಭುಜದ ಪಕ್ಕ ತ್ರಿಭುಜ ಕಟ್ಟುತ್ತಾ, ಥಿಯೊಡೊಲೈಟ್‌ನಿಂದ ಕೋನಗಳನ್ನು ಅಳೆಯುತ್ತಾ ಸಾಗಿದರು. ಆ ಕೆಲಸ ಮುಂದಿನ ತಲೆಮಾರುಗಳಲ್ಲಿ ಹಿಮಾಲಯ ಮುಟ್ಟಿತು. 1856ರಲ್ಲಿ ಹದಿನೈದನೇ ಶಿಖರದ ಎತ್ತರ 29,002 ಅಡಿ ಎಂದು ಪ್ರಕಟವಾಯಿತು. ಅದನ್ನೇ ಇಂದು ಎವರೆಸ್ಟ್ ಎನ್ನುತ್ತೇವೆ. ನೂರಾರು ಕಿಲೋಮೀಟರ್ ದೂರದಿಂದ ನೋಡುವಾಗ ನೆಲ ಸಮತಟ್ಟು ಎಂಬ ನಮ್ಮ ಊಹೆ ನಿಲ್ಲುವುದಿಲ್ಲ. ಭೂಮಿಯ ದುಂಡುತನವನ್ನೂ, ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಅವರು ಲೆಕ್ಕಕ್ಕೆ ಸೇರಿಸಬೇಕಾಯಿತು. ಶಾಲೆಯ ಲೆಕ್ಕದಲ್ಲಿ ದೂರ ಕೆಲವು ನೂರು ಮೀಟರ್ ಮಾತ್ರ, ಆದ್ದರಿಂದ ಅವೆರಡನ್ನೂ ಬಿಟ್ಟರೆ ತೊಂದರೆಯಿಲ್ಲ.

ನಿತ್ಯಸಮೀಕರಣ ಅದೇ ತ್ರಿಭುಜದ ಮಾತು

ನಿತ್ಯಸಮೀಕರಣಗಳ ಪಾಠ ಶುರುವಾದಾಗ ಚಿತ್ರಗಳು ಮಾಯವಾಗಿ, ಮಕ್ಕಳಿಗೆ ಅದು ಬೇರೆಯೇ ವಿಷಯವೆನಿಸುತ್ತದೆ. ನಮ್ಮ ಟವರಿನ ಲೆಕ್ಕಕ್ಕೆ ಹಿಂದಿರುಗಿ ತ್ರಿಭುಜ AEC ನೋಡೋಣ. EC = 12, AE = 12√3. ಪೈಥಾಗೊರಸ್ ಪ್ರಮೇಯದಂತೆ AC² = 144 + 432 = 576, ಆದ್ದರಿಂದ AC = 24. ಈಗ 144 + 432 = 576 ಎಂಬ ಸಾಲನ್ನು ಎರಡೂ ಬದಿ 576 ರಿಂದ ಭಾಗಿಸಿ. 1/4 + 3/4 = 1 ಬರುತ್ತದೆ. ಮೊದಲನೆಯದು 12/24 ರ ವರ್ಗ, ಅಂದರೆ sin² 30°. ಎರಡನೆಯದು 12√3/24 ರ ವರ್ಗ, ಅಂದರೆ cos² 30°.

ಯಾವ ಲಂಬಕೋನ ತ್ರಿಭುಜವನ್ನು ತೆಗೆದುಕೊಂಡರೂ ಪೈಥಾಗೊರಸ್ ಸಂಬಂಧವನ್ನು ವಿಕರ್ಣದ ವರ್ಗದಿಂದ ಭಾಗಿಸಿದರೆ sin²θ + cos²θ = 1 ಬರುತ್ತದೆ. ಪಾರ್ಶ್ವ ಬಾಹುವಿನ ವರ್ಗದಿಂದ ಭಾಗಿಸಿದರೆ 1 + tan²θ = sec²θ, ಅಭಿಮುಖ ಬಾಹುವಿನ ವರ್ಗದಿಂದ ಭಾಗಿಸಿದರೆ 1 + cot²θ = cosec²θ. ಮೂರು ಸೂತ್ರಗಳೂ ಒಂದೇ ಸಂಬಂಧದಿಂದ ಹುಟ್ಟಿವೆ. ಮೂರರಲ್ಲಿ ಒಂದು ಮರೆತರೆ ತ್ರಿಭುಜ ಬರೆದು ಅರ್ಧ ನಿಮಿಷದಲ್ಲಿ ಮತ್ತೆ ಪಡೆಯಬಹುದು.

ಸಾಮಾನ್ಯ ಸಮೀಕರಣಕ್ಕೂ ನಿತ್ಯಸಮೀಕರಣಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲೇ ತಿಳಿದುಕೊಳ್ಳಬೇಕು. sin θ = cos θ ಎಂಬುದು ಲಘುಕೋನಗಳಲ್ಲಿ 45° ಗೆ ಮಾತ್ರ ನಿಜ. sin²θ + cos²θ = 1 ಎಲ್ಲ ಕೋನಗಳಿಗೂ ನಿಜ. ಆದ್ದರಿಂದ ಒಂದು ಕೋನದ ಬೆಲೆ ಇಟ್ಟು ಎರಡು ಬದಿ ಸಮ ಎಂದು ತೋರಿಸಿದರೆ ಅದು ಸಾಧನೆಯಾಗುವುದಿಲ್ಲ, ಅಂಕವೂ ಸಿಗುವುದಿಲ್ಲ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸೋಣ. 3 ಅಂಕದ ಪ್ರಶ್ನೆ:

(1 + cos θ)/sin θ + sin θ/(1 + cos θ) = 2 cosec θ ಎಂದು ಸಾಧಿಸಿ.

ಎಡಭಾಗ ಹೆಚ್ಚು ತೊಡಕಾಗಿದೆ, ಬಲಭಾಗ ಸರಳವಾಗಿದೆ. ತೊಡಕಾದ ಬದಿಯಿಂದ ಹೊರಟು ಸರಳವಾದ ಬದಿಗೆ ಬರುವುದು ಸುಲಭ.

ಎಡಭಾಗ = [(1 + cos θ)² + sin²θ] / [sin θ (1 + cos θ)] — ಸಮಚ್ಛೇದ ಮಾಡಿದ್ದಕ್ಕೆ 1 ಅಂಕ.

= [1 + 2cos θ + cos²θ + sin²θ] / [sin θ (1 + cos θ)] — ವರ್ಗ ವಿಸ್ತರಿಸಿದ್ದಕ್ಕೆ ಅರ್ಧ ಅಂಕ.

= [2 + 2cos θ] / [sin θ (1 + cos θ)], ಏಕೆಂದರೆ sin²θ + cos²θ = 1 — ಅರ್ಧ ಅಂಕ.

= 2(1 + cos θ) / [sin θ (1 + cos θ)] — ಸಾಮಾನ್ಯ ಅಪವರ್ತನ ತೆಗೆದದ್ದಕ್ಕೆ ಅರ್ಧ ಅಂಕ.

= 2/sin θ = 2 cosec θ = ಬಲಭಾಗ — ಅರ್ಧ ಅಂಕ.

ಮೂರನೇ ಸಾಲಿನ ಪಕ್ಕದಲ್ಲಿರುವ «ಏಕೆಂದರೆ» ಬಹಳ ಮುಖ್ಯ. ಉಳಿದ ಸಾಲುಗಳೆಲ್ಲ ಬೀಜಗಣಿತ, ತ್ರಿಕೋನಮಿತಿ ಬಳಕೆಯಾಗಿರುವುದು ಆ ಸಾಲಿನಲ್ಲಿ ಮತ್ತು ಕೊನೆಯ ಸಾಲಿನಲ್ಲಿ ಮಾತ್ರ. ಆ ಹಂತವನ್ನು ನುಂಗಿ ಎರಡನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹಾರಿದರೆ ಯಾವ ನಿತ್ಯಸಮೀಕರಣ ಬಳಸಿದಿರಿ ಎಂಬುದು ಕಾಣುವುದಿಲ್ಲ.

ತಪ್ಪಿದ ಸಾಲನ್ನು ಹುಡುಕುವ ಬಗೆ

ಈ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು (1 + cos θ)² ಅನ್ನು 1 + cos²θ ಎಂದು ಬರೆಯುವುದು. ಆಗ ಅಂಶ ಬರೀ 2 ಆಗುತ್ತದೆ, ಛೇದದ 1 + cos θ ಹೋಗಲು ದಾರಿಯೇ ಸಿಗುವುದಿಲ್ಲ. ಉತ್ತರ ಮೊದಲೇ ಗೊತ್ತಿರುವುದರಿಂದ ಕೆಲವರು ಅದನ್ನು ಸುಮ್ಮನೆ ಅಳಿಸಿ 2 cosec θ ಬರೆದುಬಿಡುತ್ತಾರೆ. ಮೌಲ್ಯಮಾಪಕರಿಗೆ ಅದು ಥಟ್ಟನೆ ಕಾಣುತ್ತದೆ. ಸಾಧಿಸಬೇಕಾದ ಪ್ರಶ್ನೆಯಲ್ಲಿ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ, ಆದ್ದರಿಂದ ಅವರು ನೋಡುವುದು ಸಾಲುಗಳ ನಡುವಿನ ಹೆಜ್ಜೆಯನ್ನೇ.

ಒಂದೇ ಕೋನದ ಬೆಲೆ ಸಾಧನೆಯಾಗುವುದಿಲ್ಲ ಎಂದೆವು. ಆದರೆ ತಪ್ಪು ಹುಡುಕಲು ಅದು ತುಂಬ ಒಳ್ಳೆಯ ಸಾಧನ. θ = 60° ಇಡಿ. ಎಡಭಾಗದ ಮೊದಲ ಪದ (3/2) ÷ (√3/2) = √3, ಎರಡನೆಯದು ಅದರ ವ್ಯುತ್ಕ್ರಮ 1/√3. ಕೂಡಿದರೆ 4/√3. ಬಲಭಾಗ 2 × 2/√3, ಅದೂ 4/√3. ಈಗ ನಿಮ್ಮ ಉತ್ತರದ ಪ್ರತಿ ಸಾಲಿಗೂ 60° ಇಟ್ಟು ನೋಡಿ. ಸರಿಯಾದ ಸಾಲುಗಳೆಲ್ಲ 4/√3 ಕೊಡುತ್ತವೆ. 2 / [sin θ (1 + cos θ)] ಎಂಬ ತಪ್ಪು ಸಾಲು 8/(3√3) ಕೊಡುತ್ತದೆ. ತಪ್ಪು ಆ ಸಾಲಿಗೂ ಅದರ ಹಿಂದಿನ ಸಾಲಿಗೂ ನಡುವೆ ಇದೆ ಎಂದು ತಿಳಿದ ಮೇಲೆ ಇಡೀ ಲೆಕ್ಕವನ್ನು ಹೊಡೆದುಹಾಕುವ ಅಗತ್ಯವಿಲ್ಲ. 45° ಗಿಂತ 60° ಅಥವಾ 30° ಇಡುವುದು ಒಳ್ಳೆಯದು. 45° ಯಲ್ಲಿ ಸೈನ್ ಮತ್ತು ಕೊಸೈನ್ ಬೆಲೆ ಒಂದೇ ಆಗಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದ ತಪ್ಪು ಅಲ್ಲಿ ಕಾಣಿಸುವುದಿಲ್ಲ.

ಇನ್ನೊಂದು ತಪ್ಪು ತರ್ಕದ್ದು. ಕೆಲವರು ಮೊದಲ ಸಾಲಿನಲ್ಲೇ ಎರಡೂ ಬದಿಗಳನ್ನು ಸಮ ಎಂದು ಬರೆದುಕೊಂಡು, ಅಡ್ಡ ಗುಣಾಕಾರ ಮಾಡಿ, ಕೊನೆಗೆ 1 = 1 ಎಂದು ತಲುಪುತ್ತಾರೆ. ಸಾಧಿಸಬೇಕಾದ್ದನ್ನೇ ಅಲ್ಲಿ ನಿಜವೆಂದು ಒಪ್ಪಿಕೊಂಡು ಹೊರಟಂತಾಯಿತು. ಎಡಭಾಗವನ್ನು ಬೇರೆ, ಬಲಭಾಗವನ್ನು ಬೇರೆ ಸರಳಗೊಳಿಸಿ ಎರಡೂ ಒಂದೇ ರೂಪಕ್ಕೆ ಬಂದವು ಎಂದು ತೋರಿಸಿದರೆ ತೊಂದರೆಯಿಲ್ಲ.

ಮೈದಾನದಲ್ಲಿ ಅಳೆದು ನೋಡಿದರೆ

ಪುಸ್ತಕದ ಲೆಕ್ಕದಲ್ಲಿ ಕೋನಗಳು ಸರಿಯಾಗಿ 30°, 45°, 60° ಇರುತ್ತವೆ. ಶಾಲೆಯ ಮೈದಾನದಲ್ಲಿ ಧ್ವಜಸ್ತಂಭದ ಎತ್ತರ ಅಳೆಯಲು ಹೊರಟರೆ ಹಾಗಿರುವುದಿಲ್ಲ. ಕೋನಮಾಪಕದ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ, ಅದರ ಕೇಂದ್ರದಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟರೆ ಕೋನ ಅಳೆಯುವ ಉಪಕರಣ ಸಿದ್ಧ. ಸ್ಟ್ರಾದೊಳಗಿಂದ ತುದಿ ನೋಡುವಾಗ ದಾರವು ಕೋನಮಾಪಕದ 90° ಗೆರೆಯಿಂದ ಎಷ್ಟು ಸರಿದಿದೆಯೋ ಅಷ್ಟು ಉನ್ನತ ಕೋನ. ಬಂದ ಎತ್ತರಕ್ಕೆ ನೋಡುವವರ ಕಣ್ಣಿನ ಎತ್ತರವನ್ನು ಸೇರಿಸಬೇಕು. 36 ಕ್ಕೆ 12 ಸೇರಿಸಲು ಮರೆತವರು ಮರೆಯುವುದು ಇದನ್ನೇ, ಮೈದಾನದಲ್ಲಿ ಒಮ್ಮೆ ಅಳೆದವರಿಗೆ ಮರೆಯುವುದಿಲ್ಲ.

ಇಂಥ ಉಪಕರಣದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆ ಆಗುವುದು ಸಹಜ. ಅದರಿಂದ ಎಷ್ಟು ನಷ್ಟ ಎಂಬುದು ನಾವು ಎಲ್ಲಿ ನಿಂತಿದ್ದೇವೆ ಎಂಬುದರ ಮೇಲಿದೆ. ಸ್ತಂಭ ಕಣ್ಣಿನ ಮಟ್ಟದಿಂದ 12 ಮೀಟರ್ ಎತ್ತರವಿದೆ ಎಂದುಕೊಳ್ಳಿ. 12 ಮೀಟರ್ ದೂರ ನಿಂತರೆ ಕೋನ 45°. ಅದನ್ನು 46° ಎಂದು ಓದಿದರೆ ಎತ್ತರ 12.4 ಮೀಟರ್ ಬರುತ್ತದೆ. ಸ್ತಂಭದ ಹತ್ತಿರಕ್ಕೆ, ಸುಮಾರು 2.1 ಮೀಟರ್ ದೂರಕ್ಕೆ ಬಂದರೆ ಕೋನ 80° ಆಗುತ್ತದೆ. ಅಲ್ಲಿ 81° ಎಂದು ಓದಿದರೆ ಎತ್ತರ ಸುಮಾರು 13.4 ಮೀಟರ್ ಬರುತ್ತದೆ. ಒಂದೇ ಡಿಗ್ರಿಯ ತಪ್ಪು ಅಲ್ಲಿ ಅರ್ಧ ಮೀಟರಿಗೂ ಕಡಿಮೆ, ಇಲ್ಲಿ ಒಂದು ಮೀಟರಿಗಿಂತ ಹೆಚ್ಚು. 90° ಹತ್ತಿರವಾದಂತೆ ಟ್ಯಾನ್ ಬೆಲೆ ಭರದಿಂದ ಏರುವುದೇ ಇದಕ್ಕೆ ಕಾರಣ. ಅತಿ ದೂರ ಹೋದರೂ ಕೋನ ತೀರ ಚಿಕ್ಕದಾಗಿ, ಒಂದು ಡಿಗ್ರಿಯೇ ಅದರ ದೊಡ್ಡ ಪಾಲಾಗುತ್ತದೆ. ಆದ್ದರಿಂದ ಎತ್ತರ ಅಳೆಯಲು ಹೊರಟವರು ಕೋನ 45° ಯ ಆಸುಪಾಸಿನಲ್ಲಿ ಬರುವ ಜಾಗ ಹುಡುಕಿ ನಿಲ್ಲಬೇಕು, ಅಲ್ಲಿಂದ ಸ್ತಂಭದ ಬುಡಕ್ಕೆ ಟೇಪು ಹಿಡಿಯಬೇಕು.